‘ಜ್ವರ ಬಿಟ್ಟಿತು, ಉಳಿದ ಮಾತ್ರೆ ವಾಪಸ್ ತಗೊಳ್ಳಿ’: ಆ್ಯಂಟಿಬಯೋಟಿಕ್ ಕೊಡುವಾಗ ಕೌಂಟರಿನಲ್ಲಿ ಏನು ಹೇಳಬೇಕು?

ಪ್ರಶ್ನೆ: ಡಿ.ಫಾರ್ಮಾ ಮುಗಿಸಿ ನಾಲ್ಕು ವರ್ಷದಿಂದ ತಾಲ್ಲೂಕು ಊರಿನ ಮೆಡಿಕಲ್ ಶಾಪ್‌ನಲ್ಲಿದ್ದೇನೆ. ಆ್ಯಂಟಿಬಯೋಟಿಕ್ ಕೊಡುವಾಗಲೆಲ್ಲ ‘ಕೋರ್ಸ್ ಪೂರ್ತಿ ಮುಗಿಸಿ, ಇಲ್ಲಾಂದ್ರೆ ಮುಂದೆ ಔಷಧಿ ಕೆಲಸ ಮಾಡಲ್ಲ’ ಅಂತ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ವಾರ ಕಳೆದ ಮೇಲೆ ಅರ್ಧ ಸ್ಟ್ರಿಪ್ ಹಿಡಿದುಕೊಂಡು ವಾಪಸ್ ತಗೊಳ್ಳಿ ಅಂತ ಬರುತ್ತಾರೆ, ಇಲ್ಲ ಪಕ್ಕದ ಮನೆಯವರಿಗೆ ಕೊಡುತ್ತಾರೆ. ಕೆಲವರು ಮೊದಲೇ ಎರಡು ದಿನಕ್ಕಷ್ಟೇ ಕೇಳುತ್ತಾರೆ. ಈಗ ಆಸ್ಪತ್ರೆಯಲ್ಲಿರುವ ನನ್ನ ಗೆಳೆಯ ‘ಕೋರ್ಸ್ ಮುಗಿಸಬೇಕು ಅನ್ನೋದೇ ಹಳೇ ಮಾತು’ ಅಂತಾನೆ. ಹಾಗಾದರೆ ನಾನು ಏನು ಹೇಳಬೇಕು? ಸಂಜೆ ಹೊತ್ತು ಒಬ್ಬರಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಕೊಡೋಕೆ ಆಗಲ್ಲ. ಮಾತಿನ ಧಾಟಿಯನ್ನೇ ಬರೆದುಕೊಟ್ಟರೆ ಉಪಕಾರ.

ಉತ್ತರ:

ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ಉಳಿದ ಅರ್ಧವನ್ನು ಬಿಟ್ಟು ಅದನ್ನೇ ಕೌಂಟರಿನಲ್ಲಿ ಹೇಳಿದರೆ ಅಪಾಯ. ಮೊದಲು ಇದನ್ನು ಬಿಡಿಸಿ ನೋಡೋಣ, ಆಮೇಲೆ ಮಾತಿನ ಧಾಟಿಗೆ ಬರೋಣ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗ ಒಂದು ಕಾಲ್ಪನಿಕ ಪ್ರಸಂಗ ಹೇಳಿದ್ದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ತಂದು ಸಾಕಾಗದಷ್ಟು ತಗೊಳ್ಳುತ್ತಾನೆ. ಗಂಟಲಿನ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಔಷಧಿಯನ್ನು ತಡೆದುಕೊಳ್ಳುವುದನ್ನು ಕಲಿಯುತ್ತದೆ. ಅದು ಹೆಂಡತಿಗೆ ಅಂಟುತ್ತದೆ, ಆಕೆಗೆ ಪೆನಿಸಿಲಿನ್ ಕೆಲಸ ಮಾಡುವುದಿಲ್ಲ. ‘ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತದೆ’ ಎಂದು ನಾವೆಲ್ಲ ಹೇಳಿಕೊಂಡು ಬಂದ ಮಾತಿನ ಹಿಂದೆ ಇರುವುದು ಇಂಥದ್ದೇ ಯೋಚನೆ.

ಇಲ್ಲಿ ಎರಡು ವಿಷಯ ಗಮನಿಸಿ. ಫ್ಲೆಮಿಂಗ್ ಹೇಳಿದ್ದು ಕಡಿಮೆ ಡೋಸ್ ಬಗ್ಗೆ. ಎಷ್ಟು ದಿನ ತಗೋಬೇಕು ಅನ್ನುವುದರ ಬಗ್ಗೆ ಅಲ್ಲ. ದಿನಕ್ಕೆ ಎರಡು ತಗೋಬೇಕಾದವರು ಒಂದೇ ತಗೊಳ್ಳುವುದು, ‘ಪವರ್ ಜಾಸ್ತಿ’ ಅಂತ ಮಾತ್ರೆ ಅರ್ಧ ಮಾಡಿ ನುಂಗುವುದು, ಇವೆಲ್ಲ ಇಂದಿಗೂ ಕೆಟ್ಟ ಅಭ್ಯಾಸವೇ. ಇನ್ನೊಂದು, ಅವರು ಹೆಸರಿಸಿದ ಆ ಗಂಟಲಿನ ಬ್ಯಾಕ್ಟೀರಿಯಾ, ಸ್ಟ್ರೆಪ್ಟೋಕಾಕಸ್, ಇಷ್ಟು ವರ್ಷ ಕಳೆದರೂ ಪೆನಿಸಿಲಿನ್‌ಗೆ ಬಗ್ಗುತ್ತಲೇ ಇದೆ.

ಹಾಗಾದರೆ ರೆಸಿಸ್ಟೆನ್ಸ್ ಎಲ್ಲಿಂದ ಬರುತ್ತದೆ? ಬಹಳ ಮಟ್ಟಿಗೆ, ಕಾಯಿಲೆಗೆ ಸಂಬಂಧವೇ ಇಲ್ಲದ ಬ್ಯಾಕ್ಟೀರಿಯಾಗಳಲ್ಲಿ. ನಮ್ಮ ಕರುಳಿನಲ್ಲಿ, ಚರ್ಮದ ಮೇಲೆ, ಬಾಯಿಯಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಸುಮ್ನೆ ಬದುಕಿಕೊಂಡಿರುತ್ತವೆ. ಗಂಟಲಿಗೆ ಅಂತ ನುಂಗಿದ ಮಾತ್ರೆ ಅವುಗಳಿಗೂ ಬಡಿಯುತ್ತದೆ. ಮೆದುವಾದವು ಸಾಯುತ್ತವೆ, ತಡೆದುಕೊಂಡವು ಉಳಿದು ಹೆಚ್ಚುತ್ತವೆ. ಮಾತ್ರೆ ಹೆಚ್ಚು ದಿನ ತಗೊಂಡಷ್ಟೂ ಈ ಜರಡಿ ಹಿಡಿಯುವ ಕೆಲಸ ಹೆಚ್ಚು ದಿನ ನಡೆಯುತ್ತದೆ. ಹೀಗೆ ಕರುಳಿನಲ್ಲಿ ಗಟ್ಟಿಯಾಗಿ ಉಳಿದ ಇ. ಕೋಲಿ ಆರು ತಿಂಗಳ ಮೇಲೆ ಮೂತ್ರದ ಸೋಂಕು ತಂದಾಗ, ಮೊದಲು ಕೆಲಸ ಮಾಡುತ್ತಿದ್ದ ಮಾತ್ರೆ ಕೆಲಸ ಮಾಡದೆ ಹೋಗಬಹುದು. ಅಂದರೆ ಬೇಕಾದ್ದಕ್ಕಿಂತ ಒಂದೊಂದು ದಿನ ಜಾಸ್ತಿ ತಗೊಂಡಾಗಲೂ ನಷ್ಟವಿದೆ. 2017ರಲ್ಲಿ ಬ್ರಿಟನ್ನಿನ ಕೆಲವು ತಜ್ಞರು ಇದನ್ನೇ ಬರೆದು ದೊಡ್ಡ ಚರ್ಚೆ ಎಬ್ಬಿಸಿದ್ದರು. ನಿಮ್ಮ ಗೆಳೆಯ ಬಹುಶಃ ಆ ಮಾತನ್ನು ಕೇಳಿರಬೇಕು.

ಈಗ ಇನ್ನರ್ಧ. ‘ಹುಷಾರಾದ ಕೂಡಲೇ ನಿಲ್ಲಿಸಬಹುದು’ ಅಂತ ಇದರಿಂದ ತೀರ್ಮಾನ ಮಾಡಿಬಿಟ್ಟರೆ ತಪ್ಪು. ಕೆಲವು ಕಾಯಿಲೆಗಳಲ್ಲಿ ಮೈ ಹಗುರಾಗುವುದಕ್ಕೂ ಬ್ಯಾಕ್ಟೀರಿಯಾ ಹೋಗುವುದಕ್ಕೂ ಸಂಬಂಧವೇ ಇರುವುದಿಲ್ಲ. ಕ್ಷಯದ ವಿಷಯ ನಿಮಗೆ ಗೊತ್ತು, ಅಲ್ಲಿ ಮಾತ್ರೆ ತಿಂಗಳುಗಟ್ಟಲೆ ಬೇಕು. ಅಲ್ಲಿ ಅರ್ಧಕ್ಕೆ ಬಿಟ್ಟರೆ ಅದೇ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದ ಹಾಗೆ ಆಗುವ ಭಯ ನಿಜವಾದ್ದು. ಸ್ಟ್ರೆಪ್ಟೋಕಾಕಸ್‌ನಿಂದ ಬಂದ ಮಕ್ಕಳ ಗಂಟಲು ನೋವು ಮೂರೇ ದಿನಕ್ಕೆ ಕಡಿಮೆ ಅನ್ನಿಸುತ್ತದೆ. ಆದರೂ ಅಮಾಕ್ಸಿಸಿಲಿನ್ 10 ದಿನ ಬರೆಯುತ್ತಾರೆ. ಅಲ್ಲಿ ಕಾಪಾಡಬೇಕಾದ್ದು ಗಂಟಲಿಗಿಂತ ಹೆಚ್ಚಾಗಿ ಹೃದಯದ ಕವಾಟ. ಟೈಫಾಯ್ಡ್ ಕೂಡ ಇದೇ ಸಾಲಿಗೆ ಸೇರುತ್ತದೆ, ಅದನ್ನು ಮುಂದೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇನ್ನೊಂದು ಕಡೆ, ಹೆಂಗಸರ ಸಾಮಾನ್ಯ ಮೂತ್ರಕೋಶದ ಸೋಂಕಿಗೆ ನೈಟ್ರೋಫ್ಯುರಾಂಟೋಯಿನ್ 5 ದಿನ ಸಾಕು. ಚೆನ್ನಾಗಿ ಗುಣ ಕಾಣುತ್ತಿರುವ ಸಾಮಾನ್ಯ ನ್ಯುಮೋನಿಯಾಕ್ಕೂ ಈಗ 5 ದಿನ ಸಾಕಾಗುತ್ತದೆ, ಹಿಂದೆ 7ರಿಂದ 10 ದಿನ ಬರೆಯುತ್ತಿದ್ದರು. ನೆಗಡಿ, ವೈರಲ್ ಜ್ವರಗಳಿಗೆ ಒಂದು ಮಾತ್ರೆಯೂ ಬೇಕಿರಲಿಲ್ಲ. ಹೀಗೆ ಶುರುವಾದದ್ದನ್ನು ‘ಮುಗಿಸಲೇಬೇಕು’ ಅಂತ ಒತ್ತಾಯ ಮಾಡುವುದರಿಂದ ಯಾರಿಗೂ ಉಪಯೋಗವಿಲ್ಲ. ಆದರೆ ನಿಲ್ಲಿಸುವ ತೀರ್ಮಾನ ಚೀಟಿ ಬರೆದವರದ್ದು.

ಇದರಲ್ಲಿ ಯಾವುದು ಯಾರ ಕಾಯಿಲೆ ಅಂತ ರೋಗಿಗೆ ಗೊತ್ತಾಗುವುದಿಲ್ಲ. ಬರೀ ಚೀಟಿ ನೋಡಿ ನಿಮಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಹಾಗಾಗಿ ನೀವು ಈಗ ಹೇಳುತ್ತಿರುವ ವಾಕ್ಯವನ್ನು ಬದಲಿಸಿ ಅಂತ ನನ್ನ ಸಲಹೆ. ‘ಕೋರ್ಸ್ ಮುಗಿಸಿ, ಇಲ್ಲಾಂದ್ರೆ ಔಷಧಿ ಕೆಲಸ ಮಾಡಲ್ಲ’ ಅನ್ನುವ ಬದಲು ಹೀಗೆ ಹೇಳಿ: ‘ಡಾಕ್ಟರ್ ಬರೆದಷ್ಟು ದಿನ, ಬರೆದಷ್ಟು ಹೊತ್ತಿಗೆ ತಗೊಳ್ಳಿ. ಮಧ್ಯೆ ನಿಲ್ಲಿಸಬೇಕು ಅನ್ನಿಸಿದ್ರೆ ನೀವೇ ನಿಲ್ಲಿಸಬೇಡಿ, ಮೊದಲು ಡಾಕ್ಟರಿಗೋ ನನಗೋ ಒಂದು ಫೋನ್ ಮಾಡಿ.’ ಈ ಮಾತಿನಲ್ಲಿ ಸುಳ್ಳಿಲ್ಲ, ಹೆದರಿಸುವುದೂ ಇಲ್ಲ. ಮುಖ್ಯವಾಗಿ ಇದು ಒಂದು ಬಾಗಿಲು ತೆರೆದಿಡುತ್ತದೆ. ಹೆದರಿಸಿದ ಅಂಗಡಿಯವರಿಗೆ ಯಾರೂ ‘ನಾನು ಮಾತ್ರೆ ಬಿಟ್ಟೆ’ ಅಂತ ಹೇಳುವುದಿಲ್ಲ. ಸುಮ್ನೆ ಡಬ್ಬದಲ್ಲಿ ಇಟ್ಟುಕೊಳ್ಳುತ್ತಾರೆ.

ಇನ್ನು, ಜನ ಯಾಕೆ ಬಿಡುತ್ತಾರೆ ಅನ್ನುವುದು. ‘ಹುಷಾರಾಯ್ತು, ಅದಕ್ಕೇ ಬಿಟ್ಟೆ’ ಅನ್ನುವುದು ಎಲ್ಲರೂ ಮೊದಲು ಕೊಡುವ ಉತ್ತರ. ನಾನು ಕೌಂಟರಿನಲ್ಲಿದ್ದ ವರ್ಷಗಳಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ‘ಮಾತ್ರೆ ತಗೊಂಡಾಗ ಏನಾದ್ರೂ ತೊಂದರೆ ಆಯ್ತಾ ಅಮ್ಮ?’ ಆಗ ನಿಜ ಹೊರಗೆ ಬರುತ್ತದೆ. ಬಹಳ ಜನ ಹೇಳುವುದು ‘ಉಷ್ಣ ಆಯ್ತು’ ಅಂತ. ಬಾಯಲ್ಲಿ ಹುಣ್ಣು, ಎದೆ ಉರಿ, ಭೇದಿ, ಮೂತ್ರ ಹಳದಿ, ಎಲ್ಲವೂ ಈ ಒಂದು ಮಾತಿನೊಳಗೆ ಬರುತ್ತವೆ. ‘ಉಷ್ಣ ಗಿಷ್ಣ ಏನೂ ಇಲ್ಲ’ ಅಂತ ತಳ್ಳಿಹಾಕಬೇಡಿ. ಅವರ ಹೊಟ್ಟೆಯಲ್ಲಿ ಏನೋ ಆಗಿದೆ, ಅದಕ್ಕೆ ಅವರಿಗೆ ಗೊತ್ತಿರುವ ಹೆಸರು ಅದು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ತಗೊಂಡವರಿಗೆ ಹೊಟ್ಟೆ ಕೆಡುವುದು ತುಂಬ ಸಾಮಾನ್ಯ. ಅದನ್ನು ಊಟ ಶುರು ಮಾಡುವಾಗಲೇ, ಮೊದಲ ತುತ್ತಿನ ಜೊತೆ ತಗೊಂಡರೆ ತೊಂದರೆ ಎಷ್ಟೋ ಕಡಿಮೆ. ಇದನ್ನು ಮೊದಲ ದಿನವೇ ಹೇಳಿದರೆ ಮೂರನೇ ದಿನ ಸ್ಟ್ರಿಪ್ ಡಬ್ಬ ಸೇರುವುದು ತಪ್ಪುತ್ತದೆ.

ಇನ್ನೊಂದು ಕಾರಣ ಮಧ್ಯಾಹ್ನದ ಮಾತ್ರೆ. ದಿನಕ್ಕೆ ಮೂರು ಬರೆದಿದ್ದರೆ, ಗಾರ್ಮೆಂಟ್ಸ್‌ಗೆ ಹೋಗುವವರು, ತೋಟದ ಕೆಲಸಕ್ಕೆ ಹೋಗುವವರು ಮಧ್ಯಾಹ್ನದ್ದನ್ನು ಬಿಡುತ್ತಾರೆ. ಐದು ದಿನಕ್ಕೆ ಐದು ಮಾತ್ರೆ ಹಾಗೇ ಉಳಿಯುತ್ತದೆ. ಅವರು ‘ಕೋರ್ಸ್ ಮುಗಿಸಿದೆ’ ಅಂತಲೇ ನಂಬಿರುತ್ತಾರೆ. ‘ಮಧ್ಯಾಹ್ನ ಎಲ್ಲಿರ್ತೀರಿ?’ ಅಂತ ಒಂದು ಮಾತು ಕೇಳಿ. ಉತ್ತರ ಕೇಳಿದ ಮೇಲೆ, ಊಟದ ಡಬ್ಬಿಯ ಮುಚ್ಚಳದ ಜೊತೆ ಒಂದು ಮಾತ್ರೆ ಇಡಿ ಅಂತ ಹೇಳಬಹುದು. ಆಗುವುದೇ ಇಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಿ, ದಿನಕ್ಕೆ ಎರಡೇ ಸಲ ತಗೊಳ್ಳುವ ಬೇರೆ ವ್ಯವಸ್ಥೆ ಇದೆಯಾ ಕೇಳಬಹುದು. ಉಪವಾಸ ಮಾಡುವವರಿಗೂ ಇದೇ ಪ್ರಶ್ನೆ. ರಂಜಾನ್ ತಿಂಗಳಿನಲ್ಲಿ ನಾನು ಕೇಳದೆ ಮಾತ್ರೆ ಕೊಟ್ಟದ್ದಿಲ್ಲ.

ಈಗ ಒಂದು ಪ್ರಸಂಗವನ್ನು ಪೂರ್ತಿ ನೋಡೋಣ. ಮಂಗಳವಾರ ಸಂಜೆ. ನಲವತ್ತರ ಆಸುಪಾಸಿನ ಒಬ್ಬರು, ಹೋಟೆಲಿನಲ್ಲಿ ಅಡುಗೆ ಕೆಲಸ. ಆರು ದಿನದಿಂದ ಜ್ವರ, ರಕ್ತಪರೀಕ್ಷೆ ಆಗಿದೆ, ಟೈಫಾಯ್ಡ್ ಅಂತ ಡಾಕ್ಟರ್ ಹೇಳಿದ್ದಾರೆ. ಚೀಟಿಯಲ್ಲಿ ಸೆಫಿಕ್ಸಿಮ್, ಬೆಳಿಗ್ಗೆ ಒಂದು, ರಾತ್ರಿ ಒಂದು, 14 ದಿನ. ಅವರು ಕೇಳುವುದು ‘ಸದ್ಯಕ್ಕೆ ಒಂದು ಶೀಟ್ ಕೊಡಿ’. ಇಂಥವರು ನಿಮ್ಮ ಅಂಗಡಿಗೂ ಬರುತ್ತಿರುತ್ತಾರೆ, ಅಲ್ವಾ?

ಲೆಕ್ಕ ಮೊದಲು. 14 ದಿನಕ್ಕೆ 28 ಮಾತ್ರೆ. ಹತ್ತರ ಶೀಟ್ ಒಂದು ಕೊಟ್ಟರೆ ಐದು ದಿನಕ್ಕೆ ಮುಗಿಯುತ್ತದೆ. ಟೈಫಾಯ್ಡ್‌ನಲ್ಲಿ ಸರಿಯಾದ ಮಾತ್ರೆ ಶುರು ಮಾಡಿದರೂ ಜ್ವರ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ಬೇಕು. ಅಂದರೆ ಜ್ವರ ಬಿಡುವ ದಿನಕ್ಕೆ ಸರಿಯಾಗಿ ಶೀಟ್ ಖಾಲಿ. ಮೈ ಹಗುರ, ಕೈಯಲ್ಲಿ ಮಾತ್ರೆ ಇಲ್ಲ, ಜೇಬಿನಲ್ಲಿ ದುಡ್ಡೂ ಅಷ್ಟಕ್ಕಷ್ಟೆ. ಅವರು ಮತ್ತೆ ಬರುವುದಿಲ್ಲ. ಈ ಬ್ಯಾಕ್ಟೀರಿಯಾ ರಕ್ತದಲ್ಲಿ ಮಾತ್ರ ಇರುವುದಲ್ಲ, ಲಿವರ್, ಗುಲ್ಮ, ಮೂಳೆಯ ಮಜ್ಜೆ ಇವುಗಳ ಜೀವಕೋಶದೊಳಗೆ ಸೇರಿಕೊಂಡಿರುತ್ತದೆ. ಅಲ್ಲಿಂದ ಹೊರಬಿದ್ದಾಗ, ಎರಡು ಮೂರು ವಾರದ ಮೇಲೆ, ಜ್ವರ ಮರುಕಳಿಸುತ್ತದೆ. ಅಷ್ಟರಲ್ಲಿ ಅವರು ಹೋಟೆಲಿನ ಅಡುಗೆಮನೆಗೆ ವಾಪಸ್ ಹೋಗಿರುತ್ತಾರೆ.

ಇವರ ಜೊತೆ ನಾನಾದರೆ ಹೀಗೆ ಮಾತಾಡುತ್ತೇನೆ.

‘ಅಣ್ಣ, ಇದು ಯಾವುದಕ್ಕೆ ಅಂತ ಡಾಕ್ಟರ್ ಹೇಳಿದ್ರು?’

‘ಟೈಫಾಯ್ಡ್ ಅಂದ್ರು.’

‘ಎಷ್ಟು ದಿನ ತಗೋಬೇಕು ಅಂದ್ರು?’

‘ಅದೇನೋ ಬರೆದಿದ್ದಾರೆ. ಜ್ವರ ಬಿಟ್ರೆ ಸಾಕಲ್ವಾ?’

ಈ ಎರಡು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯಿತು. ಅವರಿಗೆ ಏನು ಗೊತ್ತಿಲ್ಲ ಅಂತ ನಿಮಗೆ ಗೊತ್ತಾಯಿತು. ಗೊತ್ತಿರುವುದನ್ನೇ ಮತ್ತೆ ಹೇಳಿ ಹೊತ್ತು ಕಳೆಯುವ ಅಗತ್ಯವಿಲ್ಲ.

‘ಇದರಲ್ಲಿ ಹಾಗಲ್ಲ ಅಣ್ಣ. ಜ್ವರ ಇನ್ನೂ ನಾಲ್ಕೈದು ದಿನ ಇರಬಹುದು. ಮಾತ್ರೆ ನಾಟಲಿಲ್ಲ ಅಂದ್ಕೋಬೇಡಿ, ನಿಧಾನಕ್ಕೆ ಇಳಿಯುತ್ತೆ. ಆಮೇಲೆ ಜ್ವರ ಬಿಡುತ್ತೆ, ಆದ್ರೆ ಕಾಯಿಲೆ ಒಳಗೆ ಇನ್ನೂ ಇರುತ್ತೆ. ಅದಕ್ಕೇ 14 ದಿನ ಬರೆದಿರೋದು. ಮಧ್ಯೆ ಬಿಟ್ರೆ ತಿರುಗಿ ಜ್ವರ ಬರಬಹುದು, ಮತ್ತೆ ಮೊದಲಿಂದ ಶುರು.’

ನೋಡಿ, ಇಲ್ಲಿ ರೆಸಿಸ್ಟೆನ್ಸ್ ಮಾತೇ ಇಲ್ಲ. ‘ದೇಶದಲ್ಲಿ ಔಷಧಿ ಕೆಲಸ ಮಾಡದ ಹಾಗಾಗುತ್ತೆ’ ಅನ್ನುವ ಮಾತು ಜ್ವರದಲ್ಲಿ ನಿಂತಿರುವವರ ತಲೆಗೆ ಹೋಗುವುದಿಲ್ಲ. ಮತ್ತೆ ಜ್ವರ ಬರುತ್ತೆ, ಕೆಲಸ ತಪ್ಪುತ್ತೆ ಅನ್ನುವುದು ಹೋಗುತ್ತದೆ. ಜ್ವರ ತಕ್ಷಣ ಇಳಿಯುವುದಿಲ್ಲ ಅಂತ ಮೊದಲೇ ಹೇಳುವುದೂ ಅಷ್ಟೇ ಮುಖ್ಯ. ಹೇಳದಿದ್ದರೆ ಮೂರನೇ ದಿನ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋಗಿ, ಇನ್ನೊಂದು ಆ್ಯಂಟಿಬಯೋಟಿಕ್ ಬರೆಸಿಕೊಂಡು, ನೀವು ಕೊಟ್ಟದ್ದನ್ನು ಮನೆಯಲ್ಲಿ ಬಿಟ್ಟಿರುತ್ತಾರೆ. ಉಳಿಕೆ ಮಾತ್ರೆ ಹುಟ್ಟುವ ದೊಡ್ಡ ದಾರಿಗಳಲ್ಲಿ ಇದೂ ಒಂದು.

ಆಮೇಲೆ ದುಡ್ಡಿನ ಮಾತು. ಇದನ್ನು ನೀವೇ ಎತ್ತಬೇಕು, ಅವರು ಎತ್ತುವುದಿಲ್ಲ.

‘28 ಮಾತ್ರೆ ಒಟ್ಟಿಗೆ ಭಾರ ಆಗುತ್ತಾ? ಹಾಗಾದ್ರೆ ಇವತ್ತು 14 ಕೊಡ್ತೀನಿ, ಉಳಿದ 14 ಮುಂದಿನ ವಾರ. ಇವತ್ತು ರಾತ್ರಿ ಊಟ ಆದ ಮೇಲೆ ಶುರು ಮಾಡಿ. ಮುಂದಿನ ಮಂಗಳವಾರ ಬೆಳಿಗ್ಗೆಗೆ ಇವು ಖಾಲಿ ಆಗುತ್ತೆ. ಸೋಮವಾರ ಸಂಜೆಯೇ ಬಂದು ಉಳಿದಿದ್ದು ತಗೊಂಡು ಹೋಗಿ. ಅದರ ಮುಂದಿನ ಮಂಗಳವಾರ ಬೆಳಿಗ್ಗೆದೇ ಕೊನೆಯ ಮಾತ್ರೆ. ಒಂದೂ ಉಳಿಯಬಾರದು, ಒಂದೂ ಕಡಿಮೆ ಬೀಳಬಾರದು.’

ಹೀಗೆ ಎರಡು ಕಂತಿನಲ್ಲಿ ಕೊಡುವುದಕ್ಕೆ ಒಂದು ಅಪಾಯವಿದೆ, ಅವರು ಎರಡನೇ ಸಲ ಬರದೇ ಇರಬಹುದು. ಹಾಗಾಗಿ ಫೋನ್ ನಂಬರ್ ಬರೆದುಕೊಂಡು ಸೋಮವಾರ ಒಂದು ಕರೆ ಮಾಡುವ ಮನಸ್ಸಿದ್ದರೆ ಮಾತ್ರ ಇದನ್ನು ಮಾಡಿ. ಇಲ್ಲವಾದರೆ ಪೂರ್ತಿ ಒಟ್ಟಿಗೆ ಕೊಡುವುದೇ ಮೇಲು. ಕಡಿಮೆ ಬೆಲೆಯ ಕಂಪನಿಯದ್ದು ಇದ್ದರೆ ಅದನ್ನು ತೋರಿಸಿ. ಹತ್ತಿರದಲ್ಲಿ ಜನೌಷಧಿ ಕೇಂದ್ರ ಇದ್ದರೆ ಅದನ್ನೂ ಹೇಳಿ. ಒಂದು ಬಿಲ್ ಹೋಗಬಹುದು, ಆ ಮನುಷ್ಯ ಮುಂದೆ ನಿಮ್ಮ ಮಾತು ಕೇಳುತ್ತಾನೆ. ಎರಡು ಕಂತಿನಲ್ಲಿ ಕೊಟ್ಟರೆ ಎಷ್ಟು ಕೊಟ್ಟಿರಿ, ಯಾವ ದಿನ ಅಂತ ಚೀಟಿಯ ಮೇಲೆ ಬರೆದು ಸೀಲ್ ಹಾಕಿ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಔಷಧಿ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಈ ನಿಯಮದಂತೆ ಡಾಕ್ಟರ್ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿರಿ ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹೇಗಿದ್ದರೂ ಬರೆಯಲೇಬೇಕಾದ ಆ ಪುಸ್ತಕದ ಅಂಚಿನಲ್ಲಿ ‘ಸೋಮವಾರ ಫೋನ್’ ಅಂತ ಒಂದು ಗುರುತು ಹಾಕಿಕೊಂಡರೆ ಅದೇ ನಿಮ್ಮ ಜ್ಞಾಪಕದ ಪುಸ್ತಕವೂ ಆಗುತ್ತದೆ.

ಕೊನೆಗೆ ಅವರಿಂದಲೇ ಹೇಳಿಸಿ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಅದಕ್ಕೆ ಬರುವುದು ಅದೇ ತಲೆಯಾಡಿಸುವಿಕೆ. ‘ನಾನು ಸರಿಯಾಗಿ ಹೇಳಿದ್ನಾ ಅಂತ ನೋಡ್ತೀನಿ, ಮನೆಗೆ ಹೋಗಿ ಅಕ್ಕನಿಗೆ ಏನಂತ ಹೇಳ್ತೀರಿ?’ ಅಂತ ಕೇಳಿ. ಪರೀಕ್ಷೆ ನಿಮ್ಮದಾಗುತ್ತದೆ, ಅವರದ್ದಲ್ಲ. ಅವರು ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಜ್ವರ ಬಿಟ್ರೂ ನಿಲ್ಲಿಸಬಾರದು, ಸೋಮವಾರ ಬರಬೇಕು’ ಅಂದರೆ ಮುಗಿಯಿತು. ಇಷ್ಟಕ್ಕೂ ಎರಡು ನಿಮಿಷ ಸಾಕು, ನಾನು ಗಡಿಯಾರ ನೋಡಿಕೊಂಡೇ ಮಾಡಿದ್ದೇನೆ.

ಇಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ‘ಆರೇಳು ದಿನ ಆದ್ರೂ ಜ್ವರ ಇಳಿಯಲೇ ಇಲ್ಲ ಅಂದ್ರೆ, ಇಲ್ಲ ಹೊಟ್ಟೆ ಜೋರಾಗಿ ನೋವು ಬಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ.’ ಟೈಫಾಯ್ಡ್‌ನಲ್ಲಿ ಕರುಳು ತೂತಾಗುವ ಸಂಭವ ಇರುವುದರಿಂದ ಇದನ್ನು ಬಿಡುವ ಹಾಗಿಲ್ಲ.

ಎಲ್ಲ ಆ್ಯಂಟಿಬಯೋಟಿಕ್‌ಗೂ ಹೇಳಬೇಕಾದ ಎಚ್ಚರಿಕೆ ಬೇರೆ ಇದೆ. ಮೈಮೇಲೆ ದದ್ದು, ತುಟಿ ಅಥವಾ ಮುಖ ಊತ, ಉಸಿರು ಕಟ್ಟಿದ ಹಾಗಾಗುವುದು, ನೀರಿನಂಥ ಭೇದಿ ದಿನವಿಡೀ ನಿಲ್ಲದಿರುವುದು, ಇವು ಬಂದರೆ ಮುಂದಿನ ಮಾತ್ರೆ ತಗೋಬಾರದು, ಕೂಡಲೇ ಡಾಕ್ಟರನ್ನು ನೋಡಬೇಕು. ತುಟಿ ಊದಿ ಉಸಿರು ಕಟ್ಟಿದರೆ ಫೋನ್ ಮಾಡುತ್ತಾ ಕೂರುವುದಲ್ಲ, ಸೀದಾ ಆಸ್ಪತ್ರೆ. ‘ಮುಗಿಸಲೇಬೇಕು’ ಎಂದು ಬರೀ ಒತ್ತಿ ಹೇಳಿದ ಕಡೆ, ಅಲರ್ಜಿ ಬಂದರೂ ಮಾತ್ರೆ ಮುಂದುವರಿಸಿದವರನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಅವರು ಹೇಳಿದ್ದನ್ನು ಚಾಚೂ ತಪ್ಪದೆ ಕೇಳಿದವರು. ಅದಕ್ಕೇ ಈ ವಿಷಯದಲ್ಲಿ ನನಗೆ ಕಾಳಜಿ ಜಾಸ್ತಿ.

ಈಗ ಉಳಿಕೆಯ ಇನ್ನೊಂದು ಮೂಲ, ಅದು ನಮ್ಮ ಕತ್ತರಿಯಲ್ಲೇ ಇದೆ. ಚೀಟಿಯಲ್ಲಿ ದಿನ ಬರೆದಿರುವುದಿಲ್ಲ, 1-0-1 ಅಂತ ಮಾತ್ರ ಇರುತ್ತದೆ. ನಾವು ‘ಇರಲಿ’ ಅಂತ ಹತ್ತರ ಶೀಟ್ ಕೊಟ್ಟುಬಿಡುತ್ತೇವೆ. ಡಾಕ್ಟರ್ ಮನಸ್ಸಿನಲ್ಲಿ ಮೂರು ದಿನ ಇದ್ದರೆ ನಾಲ್ಕು ಮಾತ್ರೆ ನಾವೇ ಮನೆಗೆ ಕಳಿಸಿದ ಹಾಗೆ. ಏಳು ದಿನ ಇದ್ದರೆ ನಾಲ್ಕು ಕಡಿಮೆ ಕೊಟ್ಟ ಹಾಗೆ. ದಿನ ಇಲ್ಲದ ಆ್ಯಂಟಿಬಯೋಟಿಕ್ ಚೀಟಿಗೆ ಫೋನ್ ಮಾಡದೆ ಔಷಧಿ ಕೊಡಬೇಡಿ. ಮೊದಮೊದಲು ಡಾಕ್ಟರ್‌ಗಳಿಗೆ ಕಿರಿಕಿರಿ ಅನ್ನಿಸುತ್ತದೆ. ‘ಸರ್, ಮಾತ್ರೆ ಎಣಿಸಿ ಕೊಡ್ತಿದ್ದೀನಿ, ಎಷ್ಟು ದಿನಕ್ಕೆ ಕೊಡ್ಲಿ?’ ಅಂತ ಕೇಳಿ. ನಾಲ್ಕೈದು ಸಲ ಹೀಗೆ ಕೇಳಿದ ಮೇಲೆ ಅವರೇ ದಿನ ಬರೆಯಲು ಶುರು ಮಾಡಿದ್ದನ್ನು ನಾನು ಕಂಡಿದ್ದೇನೆ.

ಎಣಿಸಿ ಕೊಡುವಾಗ ಶೀಟ್ ಕತ್ತರಿಸಲು ಹಿಂಜರಿಯಬೇಡಿ. ಆದರೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಷ್ಟೋ ಶೀಟಿನಲ್ಲಿ ಒಂದೇ ತುದಿಯಲ್ಲಿರುತ್ತದೆ. ಆ ತುದಿಯನ್ನು ಅಂಗಡಿಯಲ್ಲಿ ಉಳಿಸಿಕೊಂಡು, ಕೊಟ್ಟ ತುಂಡಿಗೆ ಔಷಧಿ ಹೆಸರು, ಎಕ್ಸ್‌ಪೈರಿ ಕವರಿನ ಮೇಲೆ ಬರೆಯಿರಿ. ಅದೇ ಕವರಿನ ಮೇಲೆ ಕೊನೆಯ ಮಾತ್ರೆಯ ದಿನವನ್ನು ದೊಡ್ಡದಾಗಿ ಬರೆಯಿರಿ. ದಿನಕ್ಕೆ ಎರಡರಂತೆ ಐದು ದಿನದ 10 ಮಾತ್ರೆಯನ್ನು ಸೋಮವಾರ ರಾತ್ರಿ ಶುರು ಮಾಡಿದರೆ, ಕೊನೆಯದು ಶನಿವಾರ ಬೆಳಿಗ್ಗೆ. ‘ಐದು ದಿನ’ ಅಂದರೆ ಜನ ಶುಕ್ರವಾರಕ್ಕೆ ನಿಲ್ಲಿಸುತ್ತಾರೆ, ಒಂದು ಉಳಿಯುತ್ತದೆ. ‘ಶನಿವಾರ ಬೆಳಿಗ್ಗೆ ಖಾಲಿ’ ಅಂದರೆ ಉಳಿಯುವುದಿಲ್ಲ. ಮಧ್ಯೆ ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತಗೊಳ್ಳಲಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಎರಡು ಒಟ್ಟಿಗೆ ನುಂಗುವುದು ಬೇಡ, ತಪ್ಪಿದ್ದು ಕೊನೆಯಲ್ಲಿ ಒಂದು ಹೊತ್ತು ಮುಂದಕ್ಕೆ ಹೋಗುತ್ತದೆ, ಅಷ್ಟೆ.

ಮಕ್ಕಳ ಡ್ರೈ ಸಿರಪ್ಪಿನದ್ದು ಬೇರೆಯೇ ಲೆಕ್ಕ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ 30 ಎಂಎಲ್ ಬಾಟಲಿ, 5 ಎಂಎಲ್‌ನಂತೆ ದಿನಕ್ಕೆ ಎರಡು ಸಲ, ಐದು ದಿನ ಅಂದರೆ 50 ಎಂಎಲ್ ಬೇಕು. ಒಂದೇ ಬಾಟಲಿ ಕೊಟ್ಟರೆ ಮೂರನೇ ದಿನಕ್ಕೆ ಮುಗಿಯುತ್ತದೆ. ತಾಯಿ ‘ಬಾಟಲಿ ಮುಗೀತು, ಕೋರ್ಸ್ ಮುಗೀತು’ ಅಂದುಕೊಳ್ಳುತ್ತಾರೆ. ಎರಡು ಬಾಟಲಿ ಕೊಡಿ, ಆದರೆ ಎರಡನೆಯದಕ್ಕೆ ನೀರು ಬೆರೆಸುವುದು ಮೊದಲನೆಯದು ಖಾಲಿಯಾದ ಮೇಲೆ. ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ಅದಕ್ಕೆ ಏಳು ದಿನವಷ್ಟೇ ಆಯಸ್ಸು. ‘ಅಮ್ಮ, ಎರಡನೇ ಬಾಟಲಿಯಲ್ಲಿ ಸ್ವಲ್ಪ ಉಳಿಯುತ್ತೆ. ಅದು ಮುಂದಿನ ಸಲದ ಜ್ವರಕ್ಕೆ ಅಲ್ಲ, ಎಸೆಯೋಕೆ’ ಅಂತ ಅವತ್ತೇ ಹೇಳಿಬಿಡಿ. ಅಳತೆಯ ಮುಚ್ಚಳದಲ್ಲೇ ಕೊಡಬೇಕು, ಅಡುಗೆಮನೆ ಚಮಚದಲ್ಲಿ ಅಲ್ಲ ಅನ್ನುವುದನ್ನೂ ಜೊತೆಗೆ ಹೇಳಿ.

ಇನ್ನು ಅರ್ಧ ಸ್ಟ್ರಿಪ್ ಹಿಡಿದು ಬಂದವರು. ಆ ಮಾತ್ರೆಯನ್ನು ವಾಪಸ್ ತಗೊಂಡು ಮತ್ತೆ ಮಾರುವುದು ಆಗದ ಮಾತು. ಅವರ ಮನೆಯಲ್ಲಿ ಬಿಸಿಲಿನಲ್ಲಿತ್ತೋ, ಒಲೆಯ ಪಕ್ಕದಲ್ಲಿತ್ತೋ ನಿಮಗೆ ಗೊತ್ತಿಲ್ಲ. ಆದರೆ ‘ವಾಪಸ್ ಇಲ್ಲ’ ಅಂತ ಬೋರ್ಡ್ ತೋರಿಸಿ ಕಳಿಸಿದರೆ ಅದು ಸೀದಾ ಮನೆಯ ಡಬ್ಬಕ್ಕೆ ಹೋಗುತ್ತದೆ. ಮೊದಲು ಕೇಳಬೇಕಾದ್ದು ದುಡ್ಡಿನ ವಿಷಯವಲ್ಲ. ‘ಯಾವಾಗ ನಿಲ್ಲಿಸಿದ್ರಿ ಅಕ್ಕ? ಯಾಕೆ? ಈಗ ಹೇಗಿದ್ದೀರಿ?’ ನಿಲ್ಲಿಸಿ ಒಂದೇ ದಿನ ಆಗಿದ್ದರೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಮುಂದುವರಿಸಬೇಕಾ, ಇಷ್ಟು ಸಾಕಾ ಕೇಳಿ. ಕೆಲವೊಮ್ಮೆ ‘ಸಾಕು’ ಅನ್ನುತ್ತಾರೆ, ಅದರಲ್ಲಿ ತಪ್ಪಿಲ್ಲ. ನಿಲ್ಲಿಸಿ ವಾರವಾಗಿದ್ದರೆ ಉಳಿದದ್ದನ್ನು ತಾನಾಗಿಯೇ ಮತ್ತೆ ಶುರು ಮಾಡುವುದು ಬೇಡ ಅಂತ ಹೇಳಿ.

ಆಮೇಲೆ ಡಬ್ಬದ ಮಾತು. ‘ಇದನ್ನ ಇಟ್ಕೊಂಡು ಮುಂದಿನ ಸಲ ಜ್ವರಕ್ಕೆ ಎರಡು ನುಂಗಿದ್ರೆ ಏನಾಗುತ್ತೆ ಗೊತ್ತಾ? ಟೈಫಾಯ್ಡ್ ಆಗಿದ್ರೆ ರಕ್ತ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಡೆಂಗಿ ಆಗಿದ್ರೆ ಇದರಿಂದ ಏನೂ ಆಗಲ್ಲ, ಆಸ್ಪತ್ರೆಗೆ ಹೋಗೋದು ಎರಡು ದಿನ ತಡ ಆಗುತ್ತೆ. ಪಕ್ಕದ ಮನೆಯವರಿಗೆ ಕೊಟ್ರೆ, ಅವರಿಗೆ ಪೆನಿಸಿಲಿನ್ ಅಲರ್ಜಿ ಇದೆಯೋ ಇಲ್ವೋ ನಿಮಗೆ ಗೊತ್ತಾ?’ ಎರಡು ಮಾತ್ರೆ ತಗೊಂಡ ಮೇಲೆ ರಕ್ತವನ್ನು ಕಲ್ಚರ್‌ಗೆ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯದೇ ಇರುವುದು ನಮಗೆ ಆಸ್ಪತ್ರೆಯಲ್ಲಿ ಪದೇ ಪದೇ ಎದುರಾಗುತ್ತಿತ್ತು. ಯಾವ ಔಷಧಿ ನಾಟುತ್ತದೆ ಅಂತ ತಿಳಿಯುವ ದಾರಿಯೇ ಅಲ್ಲಿಗೆ ಮುಚ್ಚಿಹೋಗುತ್ತದೆ.

ಉಳಿದದ್ದನ್ನು ಎಲ್ಲಿ ಹಾಕುವುದು? ಟಾಯ್ಲೆಟ್ಟಿಗೂ ಬೇಡ, ಸಿಂಕಿಗೂ ಬೇಡ. ಅಲ್ಲಿಂದ ಚರಂಡಿ, ಕೆರೆ, ಮತ್ತೆ ಅದೇ ಬ್ಯಾಕ್ಟೀರಿಯಾ. 2016ರ ಘನತ್ಯಾಜ್ಯ ನಿಯಮದಲ್ಲೇ ಹಳೆಯ ಔಷಧಿಯನ್ನು ಮನೆಯ ಅಪಾಯಕಾರಿ ಕಸ ಅಂತ ಬೇರೆ ಮಾಡಿದ್ದರು. ನಿಮ್ಮ ಊರಿನ ಕಸದ ಗಾಡಿ ಅದನ್ನು ಬೇರೆಯಾಗಿ ತಗೊಳ್ಳುತ್ತದಾ ಅಂತ ಪುರಸಭೆಯಲ್ಲಿ ಒಮ್ಮೆ ಕೇಳಿ ಇಟ್ಟುಕೊಳ್ಳಿ, ಬಂದವರಿಗೆ ಹೇಳಲು ಬೇಕಾಗುತ್ತದೆ. ಆ ವ್ಯವಸ್ಥೆ ಇಲ್ಲದ ಕಡೆ, ಮಾತ್ರೆಯನ್ನು ಶೀಟಿನಿಂದ ಬಿಡಿಸಿ, ಉಪಯೋಗಿಸಿದ ಟೀ ಪುಡಿಯ ಚರಟಕ್ಕೋ ಮಣ್ಣಿಗೋ ಬೆರೆಸಿ, ಕವರಿನಲ್ಲಿ ಗಂಟು ಕಟ್ಟಿ ಒಣಕಸಕ್ಕೆ ಹಾಕಲಿ. ದನ, ನಾಯಿ ಬಾಯಿ ಹಾಕುವ ಜಾಗದಲ್ಲಿ ಎಸೆಯುವುದು ಬೇಡ.

ಅಂಗಡಿಯಲ್ಲಿ ಒಂದು ಮುಚ್ಚಳದ ಡಬ್ಬ ಇಟ್ಟು ‘ಉಳಿದ ಆ್ಯಂಟಿಬಯೋಟಿಕ್ ಇಲ್ಲಿ ಹಾಕಿ’ ಅಂತ ಬರೆಯುವ ಯೋಚನೆ ನಿಮಗೆ ಬರಬಹುದು. ಅದನ್ನು ಮಾಡುವ ಮೊದಲು, ತುಂಬಿದ ಡಬ್ಬ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಿಮ್ಮ ಡ್ರಗ್ಸ್ ಇನ್ಸ್‌ಪೆಕ್ಟರ್ ಜೊತೆ, ಊರಿನ ಆಸ್ಪತ್ರೆಯ ಜೈವಿಕ ತ್ಯಾಜ್ಯ ತಗೊಂಡು ಹೋಗುವವರ ಜೊತೆ ಮಾತಾಡಿಕೊಳ್ಳಿ. ಆ ಡಬ್ಬ ಮಾರಾಟದ ಸರಕಿನ ಹತ್ತಿರವೂ ಇರಕೂಡದು, ಅದರ ಮೇಲೆ ‘ಮಾರಾಟಕ್ಕಲ್ಲ’ ಅಂತ ಬರೆದಿರಬೇಕು.